ಅಪ್ಪನ ಹೆಸರನ್ನು ಪಕ್ಕದಲ್ಲಿಟ್ಟು ನೋಡಿ

1911ರ ಡಿಸೆಂಬರ್‌ನಲ್ಲಿ ಕೈರೋದ ಹಳೆಯ ಬಡಾವಣೆಯೊಂದರಲ್ಲಿ ಕಷ್ಟದ ಹೆರಿಗೆಯೊಂದು ಆಯಿತು. ತಾಯಿ ಮಗು ಇಬ್ಬರನ್ನೂ ಉಳಿಸಿಕೊಟ್ಟವರು ನಗೀಬ್ ಮಹಫೂಜ್ ಪಾಶಾ ಎಂಬ ಹೆಸರಾಂತ ವೈದ್ಯರು. ಮಗುವಿನ ತಂದೆ ಅಬ್ದೆಲ್ ಅಜೀಜ್ ಇಬ್ರಾಹಿಂ ಆ ಉಪಕಾರವನ್ನು ಮರೆಯಲಾರದೆ ವೈದ್ಯರ ಹೆಸರನ್ನೇ ಮಗನಿಗೆ ಇಟ್ಟರು. ಒಂದು ಪದವನ್ನಲ್ಲ, ಎರಡನ್ನೂ. ವೈದ್ಯರು ಕಾಪ್ಟಿಕ್ ಕ್ರೈಸ್ತರು, ಮನೆಯವರು ಮುಸ್ಲಿಮರು. ಹೆಸರಿಡುವಾಗ ಅದು ಅಡ್ಡ ಬರಲಿಲ್ಲ. ಆ ಮಗುವೇ 1988ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಕಾದಂಬರಿಕಾರ ನಗೀಬ್ ಮಹಫೂಜ್.

ಈಗ ಗ್ರಂಥಾಲಯದ ಸೂಚಿ ತೆರೆದರೆ ಅವರು ‘ಮಹಫೂಜ್, ನಗೀಬ್’ ಎಂದು ಕೂತಿದ್ದಾರೆ, ಮಹಫೂಜ್ ಎಂಬುದು ಕಾರಂತ, ಬೇಂದ್ರೆ ಎಂಬಂತೆ ಮನೆತನದ ಹೆಸರೇನೋ ಎನ್ನುವ ಹಾಗೆ. ಆದರೆ ಅವರ ಅಪ್ಪ ಮಹಫೂಜ್ ಅಲ್ಲ, ಅಜ್ಜನೂ ಅಲ್ಲ. ಎರಡು ಪದ ಸೇರಿ ಅದು ಅವರಿಗೆ ಇಟ್ಟ ಹೆಸರು, ಅಷ್ಟೇ.

ಬಹಳ ವರ್ಷಗಳ ಹಿಂದೆ ಅನುವಾದಿತ ಪುಸ್ತಕವೊಂದಕ್ಕೆ ಹೆಸರುಸೂಚಿ ಮಾಡಲು ಕೂತಾಗ ಈ ಪ್ರಶ್ನೆ ನನಗೆ ಮೊದಲು ಎದುರಾಯಿತು. ಕೈಗೆ ಬಂದ ಕರಡಿನಲ್ಲಿ ಸಿಂಗಪುರದ ಲೀ ಕ್ವಾನ್ ಯೂ ‘ಯ’ ಅಕ್ಷರದ ಕೆಳಗಿದ್ದರು, ಅವರ ಮಗ ಲೀ ಸಿಯೆನ್ ಲೂಂಗ್ ‘ಲ’ ಅಕ್ಷರದಲ್ಲಿ ಲೂಂಗ್ ಎಂದಾಗಿದ್ದರು. ಅಪ್ಪ ಮಗ ಇಬ್ಬರೂ ಪ್ರಧಾನಿಗಳಾಗಿದ್ದವರು, ಇಬ್ಬರೂ ಲೀ ಮನೆತನದವರು. ಸೂಚಿಯಲ್ಲಿ ಮಾತ್ರ ಅವರಿಗೆ ಸಂಬಂಧವೇ ಇರಲಿಲ್ಲ. ಕೊನೆಯ ಪದವೇ ಮನೆತನದ ಹೆಸರು ಎಂಬ ಯುರೋಪಿನ ಅಳತೆಗೋಲನ್ನು ಯಾರೋ ಎಲ್ಲರ ಮೇಲೂ ಇಟ್ಟಿದ್ದರು. ಅಂದಿನಿಂದ ನಾನು ಒಂದು ಪರೀಕ್ಷೆಯನ್ನು ಬಿಡದೆ ಮಾಡುತ್ತೇನೆ. ಸಂದೇಹ ಬಂದ ಹೆಸರಿನ ಪಕ್ಕದಲ್ಲಿ ಆ ವ್ಯಕ್ತಿಯ ಅಪ್ಪನ ಹೆಸರನ್ನು, ಸಿಕ್ಕರೆ ಒಡಹುಟ್ಟಿದವರ ಹೆಸರನ್ನೂ, ಬರೆದುಕೊಳ್ಳುತ್ತೇನೆ. ಎಲ್ಲರಲ್ಲೂ ಉಳಿಯುವ ಪದ ಯಾವುದೋ ಅದು ಮನೆತನದ್ದು. ಏನೂ ಉಳಿಯದಿದ್ದರೆ ಆ ಮನೆಗೆ ಅಂಥ ಹೆಸರೇ ಇಲ್ಲ.

2024ರಲ್ಲಿ ನೊಬೆಲ್ ಪಡೆದ ಕೊರಿಯಾದ ಲೇಖಕಿ ಹಾನ್ ಕಾಂಗ್ ಅವರನ್ನೇ ತೆಗೆದುಕೊಳ್ಳಿ. ಎರಡೂ ಒಂದೊಂದು ಉಚ್ಚಾರದ ಪದ, ನೋಡಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಅವರ ತಂದೆಯೂ ಕಾದಂಬರಿಕಾರರು, ಹೆಸರು ಹಾನ್ ಸುಂಗ್-ವೊನ್. ಪಕ್ಕಪಕ್ಕದಲ್ಲಿಟ್ಟ ಕೂಡಲೇ ಹಾನ್ ಉಳಿಯಿತು. ಲೇಖನದಲ್ಲಿ ಎರಡನೆಯ ಸಲ ಅವರ ಪ್ರಸ್ತಾಪ ಬಂದರೆ ‘ಹಾನ್ ಅವರು’ ಎನ್ನಬೇಕು. ‘ಕಾಂಗ್ ಅವರು’ ಎಂದರೆ ಪರಿಚಯವೇ ಇಲ್ಲದ ಹಿರಿಯರನ್ನು ಮನೆಯ ಮಗುವನ್ನು ಕರೆದಂತೆ ಕರೆದ ಹಾಗೆ. ಮದುವೆಯಾದರೂ ಚೀನಾ ಮತ್ತು ಕೊರಿಯಾದ ಹೆಂಗಸರು ತವರಿನ ಹೆಸರನ್ನೇ ಉಳಿಸಿಕೊಳ್ಳುತ್ತಾರೆ. ಹಾಗಾಗಿ ಅಲ್ಲಿ ಗಂಡನ ಹೆಸರನ್ನು ಪಕ್ಕದಲ್ಲಿಟ್ಟು ನೋಡಿ ಪ್ರಯೋಜನವಿಲ್ಲ.

ಅಪ್ಪನ ಹೆಸರು ಸಿಗದಿದ್ದಾಗ ಬರವಣಿಗೆಯಲ್ಲೇ ಒಂದು ಸುಳಿವು ಸಿಗುವುದುಂಟು. ಚೀನೀ, ಕೊರಿಯನ್ ಮನೆತನದ ಹೆಸರು ಸಾಮಾನ್ಯವಾಗಿ ಒಂದೇ ಉಚ್ಚಾರದ್ದು, ಇಟ್ಟ ಹೆಸರು ಹೆಚ್ಚಾಗಿ ಎರಡರದ್ದು. ಆ ಎರಡನ್ನು ಕೂಡಿಸಿಯೋ ನಡುವೆ ಅಡ್ಡಗೆರೆ ಹಾಕಿಯೋ ಬರೆಯುತ್ತಾರೆ. ಷಿ ಜಿನ್‌ಪಿಂಗ್, ಬಾನ್ ಕಿ-ಮೂನ್, ಮಲೇರಿಯಾ ಔಷಧಿಗಾಗಿ 2015ರಲ್ಲಿ ನೊಬೆಲ್ ಪಡೆದ ತು ಯೂಯೂ: ಇಲ್ಲಿ ಒಂಟಿಯಾಗಿ ನಿಂತ ಷಿ, ಬಾನ್, ತು ಮನೆತನದವು. ಈ ಸುಳಿವು ಹೆಸರು ತಿರುಗಿಬಿದ್ದಾಗಲೂ ಕೆಲಸಕ್ಕೆ ಬರುತ್ತದೆ. 1957ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಇಬ್ಬರು ಅಮೆರಿಕದಲ್ಲಿ ನೆಲೆಸಿದ್ದರಿಂದ ತ್ಸುಂಗ್-ದಾವೊ ಲೀ, ಚೆನ್-ನಿಂಗ್ ಯಾಂಗ್ ಎಂದು ಅಲ್ಲಿಯ ಕ್ರಮದಲ್ಲಿ ಬರೆದುಕೊಂಡರು. ಅಡ್ಡಗೆರೆ ಇರುವ ಕಡೆ ಇಟ್ಟ ಹೆಸರಿದೆ, ಉಳಿದದ್ದು ಲೀ ಮತ್ತು ಯಾಂಗ್. ಒಯಾಂಗ್, ಸಿಮಾ ಎಂಬಂಥ ಎರಡು ಉಚ್ಚಾರದ ಚೀನೀ ಮನೆತನಗಳೂ ಇವೆ, ಆದರೆ ಬಹಳ ಕಡಿಮೆ.

ಜಪಾನಿನಲ್ಲಿ ತೊಡಕು ಬೇರೆ. ತಮ್ಮೊಳಗೆ ಅವರು ಮನೆತನದ ಹೆಸರನ್ನೇ ಮೊದಲು ಹೇಳುತ್ತಾರೆ. ಆದರೆ ಮೇಜಿ ಕಾಲದಿಂದ ಇಂಗ್ಲಿಷಿನಲ್ಲಿ ಬರೆಯುವಾಗ ತಿರುಗಿಸಿ ಹೇಳುವ ರೂಢಿ ಬೆಳೆಯಿತು. ನಾವು ಕೇಳಿದ ಅಕಿರಾ ಕುರೊಸಾವಾ ಊರಿನಲ್ಲಿ ಕುರೊಸಾವಾ ಅಕಿರಾ. 2020ರ ಜನವರಿಯಿಂದ ಜಪಾನ್ ಸರ್ಕಾರ ತನ್ನ ಇಂಗ್ಲಿಷ್ ದಾಖಲೆಗಳಲ್ಲೂ ಮನೆತನದ ಹೆಸರನ್ನು ಮೊದಲು ಬರೆಯತೊಡಗಿತು. ಆದ್ದರಿಂದ ಈಗ ಒಬ್ಬರದೇ ಹೆಸರು ಎರಡು ಕ್ರಮದಲ್ಲೂ ನಮ್ಮ ಕೈಗೆ ಬರುತ್ತದೆ. ಗೊಂದಲವಾಗದಂತೆ ಇಂಗ್ಲಿಷಿನವರು ಮನೆತನದ ಹೆಸರನ್ನು ದೊಡ್ಡಕ್ಷರಗಳಲ್ಲಿ ಅಚ್ಚು ಹಾಕುವುದುಂಟು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರವಿಲ್ಲ, ನಮಗೆ ಪರೀಕ್ಷೆಯೇ ಗತಿ. ಶಿಂಜೊ ಅಬೆ, ಅವರ ತಂದೆ ಶಿಂತಾರೊ ಅಬೆ: ಅಬೆ ಉಳಿಯಿತು. ಇಲ್ಲೇ ಪರೀಕ್ಷೆಯ ಮಿತಿಯೂ ಕಾಣುತ್ತದೆ. ಶಿಂಜೊ ಅವರ ಒಡಹುಟ್ಟಿದ ತಮ್ಮ ನೊಬುವೊ ಕಿಶಿ. ಚಿಕ್ಕಂದಿನಲ್ಲೇ ಸೋದರಮಾವ ಅವರನ್ನು ದತ್ತು ತೆಗೆದುಕೊಂಡದ್ದರಿಂದ ಮನೆತನದ ಹೆಸರೇ ಬದಲಾಯಿತು. ಒಬ್ಬರ ಹೆಸರನ್ನಷ್ಟೇ ನೋಡಿ ತೀರ್ಮಾನಕ್ಕೆ ಬರಬಾರದು ಎನ್ನುವುದು ಇದಕ್ಕೇ.

ವಿಯೆಟ್ನಾಮಿನಲ್ಲಿ ಮನೆತನದ ಹೆಸರು ಚೀನಾದ ಹಾಗೆ ಮೊದಲೇ ಬರುತ್ತದೆ, ಆದರೆ ಕರೆಯುವುದು ಅದರಿಂದಲ್ಲ. ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷ ನ್ಗೋ ದಿನ್ ಜಿಯೆಮ್, ಅವರ ತಮ್ಮ ನ್ಗೋ ದಿನ್ ಞು. ಮನೆತನ ನ್ಗೋ ಎಂಬುದು ಸ್ಪಷ್ಟ. ಆದರೂ ಜನ ಅಧ್ಯಕ್ಷ ಜಿಯೆಮ್ ಎಂದೇ ಕರೆದರು. ಬೆರಳೆಣಿಕೆಯ ಮನೆತನದ ಹೆಸರುಗಳನ್ನು ಇಡೀ ದೇಶ ಹಂಚಿಕೊಂಡಿರುವಲ್ಲಿ ಅದರಿಂದ ಕರೆದರೆ ಯಾರನ್ನು ಕರೆದೆವು ಎಂದೇ ಗೊತ್ತಾಗುವುದಿಲ್ಲ.

ಇನ್ನು ಅರಬರ ಹೆಸರು. ಇದನ್ನು ಅರಿಯಲು ನಮಗೆ ಇಂಗ್ಲಿಷಿಗಿಂತ ಕುವೆಂಪು ಹೆಚ್ಚು ನೆರವಾಗುತ್ತಾರೆ. ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಅವರಿಗೆ ಇಟ್ಟ ಹೆಸರು. ಈ ಮೂರನ್ನು ಹಿಂದುಮುಂದಾಗಿ ಜೋಡಿಸಿದರೆ ಹೆಚ್ಚುಕಡಿಮೆ ಅರಬ್ ಹೆಸರಿನ ಚೌಕಟ್ಟೇ ಆಯಿತು: ಮೊದಲು ಇಟ್ಟ ಹೆಸರು, ಆಮೇಲೆ ಅಪ್ಪ, ಅಜ್ಜ, ಕೊನೆಗೆ ಊರು ಅಥವಾ ಬುಡಕಟ್ಟು. ಇರಾಕಿನ ಸದ್ದಾಂ ಹುಸೇನರ ಪೂರ್ಣ ಹೆಸರು ಸದ್ದಾಂ ಹುಸೇನ್ ಅಬ್ದ್ ಅಲ್-ಮಜೀದ್ ಅಲ್-ತಿಕ್ರೀತಿ. ಹುಸೇನ್ ಅಪ್ಪ, ಅಬ್ದ್ ಅಲ್-ಮಜೀದ್ ಅಜ್ಜ, ಅಲ್-ತಿಕ್ರೀತಿ ಎಂದರೆ ತಿಕ್ರೀತ್ ಕಡೆಯವರು. ಅಮೆರಿಕದ ಪತ್ರಿಕೆಗಳು ಅವರನ್ನು ಮಿಸ್ಟರ್ ಹುಸೇನ್ ಎಂದು ಬರೆದಾಗಲೆಲ್ಲ ಅಪ್ಪನ ಹೆಸರಿನಿಂದ ಮಗನನ್ನು ಕರೆದವು. ಪುಟ್ಟಪ್ಪನವರನ್ನು ವೆಂಕಟಪ್ಪನವರೇ ಎಂದಂತೆ ಅದು. ಸದ್ದಾಂ ಎನ್ನುವುದೇ ಸರಿ, ಅದರಲ್ಲಿ ಸಲಿಗೆಯೂ ಇಲ್ಲ, ಅಗೌರವವೂ ಇಲ್ಲ. ಎದುರಾಎದುರು ಮಾತಾಡುವಾಗಲೂ ಅರಬರು ‘ಡಾಕ್ಟರ್ ಅಹ್ಮದ್’, ‘ಉಸ್ತಾದ್ ನಗೀಬ್’ ಎಂದು ಬಿರುದಿನ ಜೊತೆಗೆ ಇಟ್ಟ ಹೆಸರನ್ನೇ ಹಚ್ಚುತ್ತಾರೆ. ನಾವು ‘ಅನಂತಮೂರ್ತಿ ಮೇಷ್ಟ್ರು’ ಎನ್ನುವ ಹಾಗೆ.

ಹಾಗೆಂದು ಅರಬರಲ್ಲಿ ಮನೆತನದ ಹೆಸರೇ ಇಲ್ಲ ಎನ್ನುವಂತಿಲ್ಲ. ‘ಬಿನ್’ ಎಂಬ ಪುಟ್ಟ ಪದ ಎಷ್ಟು ಮೋಸ ಮಾಡಬಲ್ಲದು ನೋಡಿ. ಸೌದಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಎಂದರೆ ಸಲ್ಮಾನರ ಮಗ ಮೊಹಮ್ಮದ್. ಅಪ್ಪನ ಹೆಸರು ಸಲ್ಮಾನ್ ಬಿನ್ ಅಬ್ದುಲ್ ಅಜೀಜ್. ‘ಬಿನ್ ಸಲ್ಮಾನ್’ ಅಪ್ಪನಲ್ಲಿಲ್ಲ, ಹಾಗಾಗಿ ಅದು ಮನೆತನದ್ದಲ್ಲ. ಇಬ್ಬರಲ್ಲೂ ಉಳಿಯುವುದು ಕೊನೆಯ ಆಲ್ ಸೌದ್. ಈಗ ಒಸಾಮಾ ಬಿನ್ ಲಾದೆನ್‌ನನ್ನು ಇದೇ ತಕ್ಕಡಿಗೆ ಹಾಕಿ. ಅಪ್ಪ ಮೊಹಮ್ಮದ್ ಬಿನ್ ಅವದ್ ಬಿನ್ ಲಾದೆನ್. ಇಲ್ಲಿ ಬಿನ್ ಲಾದೆನ್ ಉಳಿಯಿತು. ಎಂದೋ ಹಿಂದಿನ ಹಿರಿಯನೊಬ್ಬನ ಹೆಸರು ಹೆಪ್ಪುಗಟ್ಟಿ ಮನೆತನದ್ದಾಗಿದೆ. ಬರಿಗಣ್ಣಿಗೆ ಒಂದೇ ರೀತಿ ಕಾಣುವ ಎರಡು ಹೆಸರು, ಉತ್ತರ ಬೇರೆ ಬೇರೆ.

ಹೀಗೆ ಹೆಪ್ಪುಗಟ್ಟುವುದನ್ನು ಒಂದೇ ತಲೆಮಾರಿನಲ್ಲಿ ನೋಡಬೇಕೆಂದರೆ ಈಜಿಪ್ಟಿನ ಗಮಾಲ್ ಅಬ್ದೆಲ್ ನಾಸೆರ್ ಇದ್ದಾರೆ. ಅವರ ಅಪ್ಪನಿಗೆ ಇಟ್ಟ ಹೆಸರು ಅಬ್ದೆಲ್ ನಾಸೆರ್. ಮಗಳು ಹೋದಾ ಅಬ್ದೆಲ್ ನಾಸೆರ್ ಎಂದು ಪ್ರಸಿದ್ಧರಾಗುವ ಹೊತ್ತಿಗೆ ಅಜ್ಜನ ಹೆಸರು ಮನೆತನದ ಹೆಸರಾಗಿತ್ತು. ಇಲ್ಲಿ ಇನ್ನೊಂದು ತಪ್ಪು ಆಗುತ್ತದೆ, ಅದು ನನ್ನನ್ನು ಹೆಚ್ಚು ಕಾಡುವಂಥದ್ದು. ಅಬ್ದ್ ಎಂದರೆ ಸೇವಕ, ಎಲ್ ಅಥವಾ ಅಲ್ ಅದಕ್ಕೆ ಅಂಟಿದ ಪ್ರತ್ಯಯದಂಥದ್ದು, ಮುಂದೆ ಬರುವುದು ದೇವರ ಒಂದು ಗುಣನಾಮ. ಎಲ್ಲ ಸೇರಿ ಒಂದೇ ಹೆಸರು. ‘ನಾಸೆರ್’ ಎಂದಷ್ಟೇ ಕತ್ತರಿಸಿದರೆ ಸೇವಕ ಹೋಗಿ ದೇವರು ಉಳಿಯುತ್ತಾನೆ. ‘ಅಬ್ದುಲ್’ ಎಂದಷ್ಟೇ ಕರೆದರೆ ಯಾರ ಸೇವಕನೆಂಬುದೇ ಇಲ್ಲದ ಅರ್ಧ ಮಾತಾಗುತ್ತದೆ. ‘ರಾಮದಾಸ’ರಲ್ಲಿ ಒಂದು ಸಲ ರಾಮನನ್ನೂ ಇನ್ನೊಂದು ಸಲ ದಾಸನನ್ನೂ ಬಿಟ್ಟಂತೆ. ನಾಸೆರ್ ಎಂಬ ರೂಪ ಜಗತ್ತಿನಲ್ಲಿ ಬೇರೂರಿಬಿಟ್ಟಿದೆ, ಅದನ್ನು ಕೀಳುವುದು ಕಷ್ಟ. ಆದರೆ ಸೂಚಿಯಲ್ಲಿ ‘ಅಬ್ದೆಲ್ ನಾಸೆರ್, ಗಮಾಲ್’ ಎಂದು ಅ ಅಕ್ಷರದಲ್ಲಿಟ್ಟು, ನ ಅಕ್ಷರದಲ್ಲಿ ‘ನಾಸೆರ್: ಅಬ್ದೆಲ್ ನಾಸೆರ್ ನೋಡಿ’ ಎಂದು ಒಂದು ಸಾಲು ಹಾಕಬಹುದು.

ಕನ್ನಡ ಲಿಪಿಗೆ ಇಂಗ್ಲಿಷಿಗಿಲ್ಲದ ಒಂದು ಅನುಕೂಲ ಇಲ್ಲಿದೆ. ಆಲ್ ಸೌದ್ ಎಂಬಲ್ಲಿನ ದೀರ್ಘ ‘ಆಲ್’ ಎಂದರೆ ಮನೆತನ, ವಂಶ. ಅಲ್-ತಿಕ್ರೀತಿ, ಅಲ್-ಅಸದ್ ಎಂಬಲ್ಲಿನ ಹ್ರಸ್ವ ‘ಅಲ್’ ಬರೀ ಒಂದು ಗುರುತುಪದ. ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಎರಡು ಅಕ್ಷರ. ನಾವು ಅ, ಆ ಬೇರೆ ಮಾಡಿ ಬರೆಯಬಲ್ಲೆವು. ಸೂಚಿಯಲ್ಲಿ ಹ್ರಸ್ವದ ಅಲ್ ಅನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್-ಬಿರೂನಿಯನ್ನು ಬ ಅಕ್ಷರದಲ್ಲಿ ಹುಡುಕಬೇಕು. ಲೆಕ್ಕಕ್ಕೆ ಹಿಡಿದರೆ ಅರ್ಧ ಅರಬ್ ಜಗತ್ತು ಅ ಅಕ್ಷರದಲ್ಲೇ ತುಂಬಿಕೊಳ್ಳುತ್ತದೆ.

ಹಾಗಾದರೆ ನಗೀಬ್ ಮಹಫೂಜರನ್ನು ಏನು ಮಾಡುವುದು? ನಾನು ಅವರನ್ನು ಮ ಅಕ್ಷರದಲ್ಲೇ ಇಡುತ್ತೇನೆ, ಏಕೆಂದರೆ ಓದುಗ ಹುಡುಕುವುದು ಅಲ್ಲಿ, ಜಗತ್ತಿನ ಗ್ರಂಥಾಲಯಗಳೂ ಹಾಗೇ ಇಟ್ಟಿವೆ. ಲೇಖನದೊಳಗೆ ಮಾತ್ರ ಸಾಧ್ಯವಾದಷ್ಟೂ ಎರಡು ಪದವನ್ನೂ ಒಟ್ಟಿಗೆ ಬರೆಯುತ್ತೇನೆ. ಚೀನೀ ಕಾದಂಬರಿಕಾರ ಮೊ ಯಾನ್ ಅವರಿಗೂ ಇದೇ ಕ್ರಮ. ಅವರ ನಿಜವಾದ ಹೆಸರು ಗುವಾನ್ ಮೊಯೆ, ಮೊ ಯಾನ್ ಎಂಬುದು ‘ಮಾತಾಡಬೇಡ’ ಎಂಬರ್ಥದ ಕಾವ್ಯನಾಮ. ಕುವೆಂಪು ಎಂಬುದನ್ನು ಒಡೆದು ‘ವೆಂಪು, ಕು’ ಎಂದು ಯಾರೂ ಬರೆಯುವುದಿಲ್ಲವಲ್ಲ.

ಕೊನೆಗೆ ನಮ್ಮ ಕರಾವಳಿಗೇ ಬಂದುಹೋದ ಒಬ್ಬರ ಹೆಸರು. 1340ರ ದಶಕದಲ್ಲಿ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡು ಬರೆದ ಪ್ರವಾಸಿ ಅಬು ಅಬ್ದುಲ್ಲಾ ಮುಹಮ್ಮದ್ ಇಬ್ನ್ ಅಬ್ದುಲ್ಲಾ ಅಲ್-ಲವಾತಿ ಅಲ್-ತಂಜಿ, ಇಬ್ನ್ ಬತೂತಾ. ಬಿಡಿಸಿ ನೋಡೋಣ. ಅಬು ಅಬ್ದುಲ್ಲಾ ಎಂದರೆ ಅಬ್ದುಲ್ಲಾನ ಅಪ್ಪ, ಅದು ಗೌರವದಿಂದ ಕರೆಯುವ ರೂಪ. ಮುಹಮ್ಮದ್ ಅವನಿಗೆ ಇಟ್ಟ ಹೆಸರು. ಇಬ್ನ್ ಅಬ್ದುಲ್ಲಾ, ಅಬ್ದುಲ್ಲಾನ ಮಗ. ಲವಾತಾ ಅವನ ಬುಡಕಟ್ಟು, ತಂಜಾ ಅವನು ಹುಟ್ಟಿದ ಊರು, ಮೊರಾಕ್ಕೋದ ಟ್ಯಾಂಜಿಯರ್. ಇಬ್ನ್ ಬತೂತಾ ವಂಶದಿಂದ ಬಂದ ಹೆಸರು, ಅವನ ಅಪ್ಪ ಬತೂತಾ ಅಲ್ಲ. ಇಂಥ ಹಳೆಯ ಹೆಸರುಗಳಲ್ಲಿ ಇಬ್ನ್ ಅನ್ನು ಕಳಚಿದರೆ ಉಳಿಯುವವನು ಬೇರೊಬ್ಬನಾಗುತ್ತಾನೆ. ಆದ್ದರಿಂದ ಅವನು ಸೂಚಿಯಲ್ಲಿ ಬ ಅಕ್ಷರದಲ್ಲೂ ಇಲ್ಲ, ಮ ಅಕ್ಷರದಲ್ಲೂ ಇಲ್ಲ. ಅಲ್ಪವಿರಾಮವೂ ಇಲ್ಲದೆ ಇ ಅಕ್ಷರದ ಕೆಳಗೆ ಇಬ್ನ್ ಬತೂತಾ.