ಬೈಬ್ಯಾಕ್: ಲಾಭ ನಾಲ್ಕು ಸಾವಿರ, ತೆರಿಗೆ ಐದೂವರೆ ಸಾವಿರ!

2025ರ ನವೆಂಬರ್‌ನಲ್ಲಿ ಇನ್ಫೋಸಿಸ್ ತನ್ನ ಷೇರುಗಳನ್ನು ತಲಾ 1,800 ರೂಪಾಯಿಗೆ ವಾಪಸ್ ಕೊಳ್ಳಲು ಹೊರಟಾಗ, ನಮ್ಮ ಆಫೀಸಲ್ಲಿ ಊಟದ ಟೇಬಲ್ ತುಂಬಾ ಅದೇ ಮಾತು. 1,400ಕ್ಕೆ ಕೊಂಡ 10 ಷೇರು ಕೊಟ್ಟರೆ 4,000 ಲಾಭ ಅಂತ ಗೆಳೆಯನ ಲೆಕ್ಕ. ತೆರಿಗೆಯ ಲೆಕ್ಕ ಹಾಗಿರಲಿಲ್ಲ.

ಮೊದಲು ಬೈಬ್ಯಾಕ್ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು, ಸುಮಾರು 23.3%. ಷೇರುದಾರರಿಗೆ ತೆರಿಗೆ ಇರಲಿಲ್ಲ. 2024ರ ಅಕ್ಟೋಬರ್ 1ರಿಂದ ಆ ಹೊರೆ ಷೇರುದಾರನ ಮೇಲೆ ಬಿತ್ತು. 2026ರ ಮಾರ್ಚ್‌ವರೆಗೆ ಬಂದ ಹಣವೆಲ್ಲ ಡಿವಿಡೆಂಡ್ ಅಂತ ಲೆಕ್ಕವಾಗುತ್ತಿತ್ತು. ಕೊಂಡ ಬೆಲೆಯನ್ನು ಅದರಲ್ಲಿ ಕಳೆಯುವಂತಿರಲಿಲ್ಲ.

ಗೆಳೆಯ 30% ಸ್ಲ್ಯಾಬ್‌ನವನು. ಪೂರ್ತಿ 18,000ಕ್ಕೆ ಸೆಸ್ ಸೇರಿ ತೆರಿಗೆ 5,616 ರೂಪಾಯಿ. ಅಂದ್ರೆ ಲಾಭಕ್ಕಿಂತ ತೆರಿಗೆಯೇ ಜಾಸ್ತಿ!

ಹಾಗಾದ್ರೆ ಹಾಕಿದ 14,000 ಏನಾಯ್ತು? ಷೇರು ಸೊನ್ನೆ ರೂಪಾಯಿಗೆ ಮಾರಿದಂತೆ ಭಾವಿಸಿ, ಅಷ್ಟನ್ನೂ ಬಂಡವಾಳ ನಷ್ಟ ಅಂತ ಪರಿಗಣಿಸುತ್ತಿದ್ದರು. ಈ ನಷ್ಟವನ್ನು ಸಂಬಳದಲ್ಲಿ ಕಳೆಯೋಕೆ ಆಗಲ್ಲ, ಆ ಡಿವಿಡೆಂಡ್‌ನಲ್ಲೂ ಆಗಲ್ಲ. ಬೇರೆ ಷೇರು, ಫಂಡ್‌ನಂಥ ಬಂಡವಾಳ ಆಸ್ತಿ ಮಾರಿದ ಲಾಭದಲ್ಲಿ ಮಾತ್ರ ಕಳೆಯಬಹುದು. ಷೇರು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದರೆ ನಷ್ಟ ದೀರ್ಘಾವಧಿಯದು, ದೀರ್ಘಾವಧಿ ಲಾಭಕ್ಕಷ್ಟೇ ಹೊಂದುತ್ತದೆ. ಅದರ ತೆರಿಗೆ 12.5%, ಹಾಗಾಗಿ ಸೆಸ್ ಸೇರಿ ಉಳಿಯೋದು ಹೆಚ್ಚೆಂದರೆ 1,820 ರೂಪಾಯಿ.

ಆ ವರ್ಷ ಅಂಥ ಲಾಭ ಇಲ್ಲದಿದ್ದರೆ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಆದರೆ ಗಡುವಿನೊಳಗೆ ರಿಟರ್ನ್ ಸಲ್ಲಿಸಿ, ಅದರಲ್ಲಿ ನಷ್ಟ ತೋರಿಸಿರಬೇಕು. ಐಟಿಆರ್-1ರಲ್ಲಿ ಅದಕ್ಕೆ ಜಾಗವೇ ಇಲ್ಲ. ಸಂಬಳದಾರರು ಐಟಿಆರ್-2 ತುಂಬಬೇಕು. ಗೆಳೆಯ ಕೊನೆಗೆ ಷೇರು ಕೊಡಲಿಲ್ಲ.