ದಾಳಿಂಬೆ ಬಿಡಿ, ಚಕ್ಕೋತದ ಬಳಗ ನೋಡಿಕೊಳ್ಳಿ

1980ರ ದಶಕದ ಕೊನೆಯಲ್ಲಿ ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಫೆಲೋಡಿಪಿನ್ ಎಂಬ ಬಿಪಿ ಮಾತ್ರೆಯ ಜೊತೆ ಮದ್ಯ ಸೇರಿದರೆ ಏನಾಗುತ್ತದೆಂದು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ಗೊತ್ತಾಗದಿರಲಿ ಎಂದು ಗ್ರೇಪ್‌ಫ್ರೂಟ್ ರಸ ಬೆರೆಸಿದರು. ನೋಡಿದರೆ, ಮದ್ಯವಿಲ್ಲದೆ ಬರೀ ರಸ ಕುಡಿದವರ ರಕ್ತದಲ್ಲೂ ಔಷಧ ವಿಪರೀತ ಏರಿತ್ತು. 1991ರಲ್ಲಿ ನೀರಿನೊಂದಿಗೆ ಹೋಲಿಸಿ ನೋಡಿದಾಗ ಏರಿಕೆ ಸರಾಸರಿ ಎರಡೂವರೆ ಪಟ್ಟಿಗೂ ಹೆಚ್ಚು.

ಕಾರಣ ಸಣ್ಣ ಕರುಳಿನ ಗೋಡೆಯಲ್ಲಿದೆ. ಅಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವ ಸುಂಕದ ಕಟ್ಟೆಯಿದ್ದಂತೆ. ಹಾದುಹೋಗುವ ಔಷಧದಲ್ಲಿ ತನ್ನ ಪಾಲನ್ನು ಮುರಿದುಕೊಂಡೇ ಉಳಿದದ್ದನ್ನು ಒಳಗೆ ಬಿಡುತ್ತದೆ. ಫೆಲೋಡಿಪಿನ್ ನುಂಗಿದರೆ ಕರುಳು, ಯಕೃತ್ತು ಎರಡನ್ನೂ ದಾಟಿ ರಕ್ತ ಸೇರುವುದು ಶೇ. 15ರಷ್ಟು ಮಾತ್ರ. ವೈದ್ಯರು ಬರೆಯುವ ಡೋಸ್ ಈ ನಷ್ಟವನ್ನು ಲೆಕ್ಕ ಹಿಡಿದೇ ಇರುತ್ತದೆ. ಗ್ರೇಪ್‌ಫ್ರೂಟ್‌ನಲ್ಲಿರುವ ಫ್ಯೂರನೋಕೂಮರಿನ್‌ಗಳು ಕರುಳಿನ ಆ ಕಿಣ್ವವನ್ನೇ ಕೆಡಿಸುತ್ತವೆ. ಕೆಟ್ಟದ್ದು ಸರಿಹೋಗುವುದಿಲ್ಲ, ಕರುಳು ಹೊಸದನ್ನೇ ತಯಾರಿಸಬೇಕು. ಅದಕ್ಕೆ ಒಂದರಿಂದ ಮೂರು ದಿನ ಹಿಡಿಯುತ್ತದೆ. ಹಾಗಾಗಿ ಬೆಳಿಗ್ಗೆ ರಸ, ರಾತ್ರಿ ಮಾತ್ರೆ ಎಂಬ ಜಾಣತನ ನಡೆಯದು. ಒಂದು ಲೋಟ, ಅಂದರೆ 200 ಮಿ.ಲೀ. ಸಾಕು.

ಎಲ್ಲ ಮಾತ್ರೆಗಳೂ ಈ ಕಿಣ್ವದ ಕೈಗೆ ಸಿಗುವುದಿಲ್ಲ. ಕೊಲೆಸ್ಟರಾಲ್ ಮಾತ್ರೆಗಳಲ್ಲಿ ಸಿಮ್ವಾಸ್ಟಾಟಿನ್, ಲೋವಾಸ್ಟಾಟಿನ್‌ಗೆ ತೊಂದರೆ ಹೆಚ್ಚು, ಅಟೋರ್ವಾಸ್ಟಾಟಿನ್‌ಗೆ ಕಡಿಮೆ, ರೋಸುವಾಸ್ಟಾಟಿನ್‌ಗೆ ಇಲ್ಲವೆನ್ನಬಹುದು. ಬಿಪಿ ಮಾತ್ರೆಗಳಲ್ಲಿ ಫೆಲೋಡಿಪಿನ್, ನಿಫೆಡಿಪಿನ್ ಜೊತೆ ಎಚ್ಚರ ಬೇಕು. ನಮ್ಮಲ್ಲಿ ಬಹಳ ಮಂದಿ ನುಂಗುವ ಆಮ್ಲೋಡಿಪಿನ್ ಮೇಲೆ ಪರಿಣಾಮ ಅಲ್ಪ. ಬ್ರ್ಯಾಂಡ್ ಹೆಸರು ನೋಡಿದರೆ ಇದು ತಿಳಿಯದು. ಸ್ಟ್ರಿಪ್‌ನ ಮೇಲೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದಬೇಕು.

ಇನ್ನು ದಾಳಿಂಬೆ. ಪ್ರಯೋಗಾಲಯದಲ್ಲಿ, ಇಲಿಗಳಲ್ಲಿ ಅದರ ರಸವೂ ಇದೇ ಕಿಣ್ವವನ್ನು ತಡೆದದ್ದು ನಿಜ, ಭಯ ಹುಟ್ಟಿದ್ದೂ ಅಲ್ಲಿಂದಲೇ. ಆದರೆ ಮನುಷ್ಯರಿಗೆ ರಸ ಕುಡಿಸಿ ಮಿಡಜೋಲಮ್, ಸಿಮ್ವಾಸ್ಟಾಟಿನ್ ಅಳೆದಾಗ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ರೋಸುವಾಸ್ಟಾಟಿನ್ ನುಂಗುತ್ತಿದ್ದ ಒಬ್ಬರಿಗೆ ದಾಳಿಂಬೆ ರಸ ಶುರುಮಾಡಿದ ಮೇಲೆ ಸ್ನಾಯುಗಳಿಗೆ ತೀವ್ರ ಹಾನಿಯಾದ ವರದಿಯೊಂದಿದೆ. ಒಂದೇ ಪ್ರಕರಣದಿಂದ ಹಣ್ಣಿನ ಮೇಲೆ ತಪ್ಪು ಹೊರಿಸಲಾಗದು. ಮೂತ್ರಪಿಂಡ ದುರ್ಬಲವಾಗಿದ್ದು ರಾಮಿಪ್ರಿಲ್, ಟೆಲ್ಮಿಸಾರ್ಟಾನ್‌ನಂಥ ಮಾತ್ರೆಯಲ್ಲಿರುವವರ ಮಾತು ಬೇರೆ. ಆ ಮಾತ್ರೆಗಳು ಪೊಟ್ಯಾಶಿಯಂ ಏರಿಸುತ್ತವೆ, ದಾಳಿಂಬೆ ರಸದಲ್ಲೂ ಪೊಟ್ಯಾಶಿಯಂ ಧಾರಾಳವಾಗಿದೆ. ಅಂಥವರು ದಿನವೂ ಲೋಟಗಟ್ಟಲೆ ಕುಡಿಯುವ ಮುನ್ನ ವೈದ್ಯರನ್ನು ಕೇಳಬೇಕು.

ನಮ್ಮೂರಿನ ಅಂಗಡಿಗಳಲ್ಲಿ ಗ್ರೇಪ್‌ಫ್ರೂಟ್ ಅಪರೂಪ. ಆದರೆ ಚಕ್ಕೋತ ಮತ್ತು ಸಿಹಿ ಕಿತ್ತಳೆಯ ಮಿಶ್ರತಳಿಯೇ ಅದು. ದೇವನಹಳ್ಳಿಗೆ ಹೆಸರು ತಂದ ಚಕ್ಕೋತದ ಕುಲದಲ್ಲೂ ಫ್ಯೂರನೋಕೂಮರಿನ್ ಇದೆ; ಪ್ರಮಾಣ ತಳಿಯಿಂದ ತಳಿಗೆ ಬದಲಾಗುತ್ತದೆ. ಹೆಸರಿನಲ್ಲಿ ಗ್ರೇಪ್ ಇದ್ದರೂ ದ್ರಾಕ್ಷಿಗೂ ಇದಕ್ಕೂ ಸಂಬಂಧವಿಲ್ಲ.

ಸಿಮ್ವಾಸ್ಟಾಟಿನ್ ನುಂಗುವವರಿಗೆ ಕಾರಣವಿಲ್ಲದೆ ತೊಡೆ, ಭುಜ ನೋಯತೊಡಗಿ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಿ. ಫೆಲೋಡಿಪಿನ್‌ನವರಿಗೆ ಎದ್ದು ನಿಂತಾಗ ತಲೆ ಸುತ್ತಿದರೆ, ಕಾಲಿನ ಹರಡು ಊದಿದರೆ ಬಿಪಿ ನೋಡಿಸಿ, ತಿಂದ ಹಣ್ಣು ಯಾವುದೆಂದೂ ವೈದ್ಯರಿಗೆ ಹೇಳಿ. ಮಾತ್ರೆಯನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ.