ಬಿಟ್ಟುಹೋದ ಸೊನ್ನೆ

ನಾನು ಬಿ.ಇ. ಓದುತ್ತಿದ್ದೇನೆ. ಸಂಜೆ ಹೊತ್ತು ಪಕ್ಕದ ಬೀದಿಯ ಆರನೇ ತರಗತಿ ಹುಡುಗನಿಗೆ ಲೆಕ್ಕ ಹೇಳಿಕೊಡುತ್ತೇನೆ. ಸತತ ಮೂರು ಟೆಸ್ಟ್‌ಗಳಲ್ಲಿ ಭಾಗಾಕಾರದಲ್ಲೇ ಅಂಕ ಕಳೆದುಕೊಂಡ ಅವನು ಮೊನ್ನೆ, ‘ಅಕ್ಕಾ, ನಂಗೆ ಲೆಕ್ಕ ತಲೆಗೇ ಹತ್ತಲ್ಲ, ಟ್ಯೂಷನ್ ಬಿಟ್ಬಿಡ್ತೀನಿ’ ಎಂದ. ಇಂಟರ್ನಲ್ಸ್ ಇದ್ದಿದ್ದರಿಂದ ಎರಡು ವಾರ ನಾನು ಅವನ ಮನೆಗೆ ಹೋಗುವಂತಿರಲಿಲ್ಲ. ಅವನ ನೋಟ್‌ಬುಕ್ಕಿನೊಳಗೆ ಈ ಪತ್ರ ಇಟ್ಟು ಬಂದೆ.

ಪ್ರೀತಿಯ ಪುಟ್ಟಾ,

ನಿನ್ನ ಮೂರೂ ಉತ್ತರ ಪತ್ರಿಕೆಗಳನ್ನು ಕೂತು ನೋಡಿದೆ. ನಿನ್ನ ಮಗ್ಗಿ ಸರಿಯಿದೆ, ಕಳೆಯುವುದೂ ಸರಿಯಿದೆ. ತಪ್ಪಾದ ಐದು ಲೆಕ್ಕಗಳಲ್ಲಿ ನಾಲ್ಕರಲ್ಲಿ ಆಗಿರುವುದು ಒಂದೇ ತಪ್ಪು: ಭಾಗಲಬ್ಧದಲ್ಲಿ ಸೊನ್ನೆ ಬಿಟ್ಟಿದ್ದೀಯ.

6324 ÷ 31 ನೋಡು. 63ರಲ್ಲಿ 31 ಎರಡು ಸಲ ಹೋಯಿತು, 62 ಕಳೆದು 1 ಉಳಿಯಿತು. 2 ಕೆಳಗಿಳಿಸಿದೆ, 12 ಆಯಿತು. 12ರಲ್ಲಿ 31 ಹೋಗುವುದಿಲ್ಲ. ಅಲ್ಲಿ ನೀನು ಮೇಲೆ ಏನೂ ಬರೆಯದೆ ಮುಂದಿನ 4ನ್ನೂ ಇಳಿಸಿ, 124ರಲ್ಲಿ ನಾಲ್ಕು ಸಲ ಎಂದು 24 ಉತ್ತರ ಬರೆದೆ. ‘ಹೋಗುವುದಿಲ್ಲ’ ಎನ್ನುವುದೂ ಒಂದು ಉತ್ತರವೇ ಕಣೋ. ಅದನ್ನು ಬರೆಯುವ ರೀತಿಯೇ ಸೊನ್ನೆ. ಸರಿಯಾದ ಉತ್ತರ 204.

ನಾನು ಬರುವವರೆಗೆ ದಿನಾ ಇಪ್ಪತ್ತು ನಿಮಿಷ ಹೀಗೆ ಮಾಡು. ಎರಡೇ ಲೆಕ್ಕ ಸಾಕು. ಚೌಕದ ಗೆರೆಗಳಿರುವ ನೋಟ್‌ಬುಕ್ಕಿನಲ್ಲಿ ಒಂದು ಚೌಕಕ್ಕೆ ಒಂದೇ ಅಂಕಿ ಬರೆ.

ಮೊದಲು ಪುಟದ ಅಂಚಿನಲ್ಲಿ ಭಾಜಕದ ಮಗ್ಗಿ ಬರೆದುಕೋ. 31ಕ್ಕೆ 31 ಕೂಡಿಸುತ್ತಾ ಹೋಗು: 31, 62, 93, 124... ಹತ್ತನೆಯದು 310 ಬಂದರೆ ಮಗ್ಗಿ ಸರಿಯಿದೆ ಎಂದರ್ಥ, ಬರದಿದ್ದರೆ ಕೂಡಿಸುವಾಗ ಎಲ್ಲೋ ಎಡವಿದ್ದೀಯ. ಈ ಪಟ್ಟಿ ಪಕ್ಕದಲ್ಲಿದ್ದರೆ ‘ಎಷ್ಟು ಸಲ ಹೋಗುತ್ತೆ’ ಎಂದು ಊಹಿಸುತ್ತಾ ಕೂರಬೇಕಾಗಿಲ್ಲ.

ಆಮೇಲೆ, ಭಾಗಿಸುವ ಮೊದಲೇ ಚುಕ್ಕೆ ಇಡು. 6ರಲ್ಲಿ 31 ಹೋಗುವುದಿಲ್ಲ, 63ರಲ್ಲಿ ಹೋಗುತ್ತದೆ. ಹಾಗಾಗಿ ಮೊದಲ ಚುಕ್ಕೆ 3ರ ತಲೆಯ ಮೇಲೆ. ಅಲ್ಲಿಂದ ಮುಂದೆ ಉಳಿದ ಒಂದೊಂದು ಅಂಕಿಯ ಮೇಲೂ ಒಂದೊಂದು ಚುಕ್ಕೆ. ಒಟ್ಟು ಮೂರು ಚುಕ್ಕೆ, ಅಂದರೆ ಉತ್ತರದಲ್ಲಿ ಮೂರು ಅಂಕಿ. ಈಗ ಭಾಗಿಸು. ಒಂದು ಅಂಕಿ ಇಳಿಸಿದೆ ಎಂದರೆ ಅದರ ಚುಕ್ಕೆಯ ಜಾಗದಲ್ಲಿ ಒಂದು ಅಂಕಿ ಬರೆದ ಮೇಲೆಯೇ ಮುಂದಿನದನ್ನು ಇಳಿಸಬೇಕು. ಖಾಲಿ ಉಳಿದ ಚುಕ್ಕೆ ಕಂಡರೆ ಅದೇ ನೀನು ಬಿಟ್ಟ ಸೊನ್ನೆ.

ಕೊನೆಯ ಚುಕ್ಕೆಯ ಬಗ್ಗೆ ಇನ್ನೂ ಹೆಚ್ಚು ಎಚ್ಚರ. 1748 ÷ 29ರಲ್ಲಿ 174ಕ್ಕೆ 29 ಸರಿಯಾಗಿ ಆರು ಸಲ ಹೋಗಿ ಏನೂ ಉಳಿಯುವುದಿಲ್ಲ. 8 ಇಳಿಸುತ್ತೀಯ, ಅದರಲ್ಲಿ 29 ಹೋಗುವುದಿಲ್ಲ. ‘ಮುಗೀತು’ ಎಂದು 6, ಶೇಷ 8 ಎಂದು ಬರೆದಿದ್ದೀಯ. ಚುಕ್ಕೆ ಎರಡು ಇದ್ದವು, ಉತ್ತರ 60, ಶೇಷ 8.

ಕಡೆಗೆ ತಾಳೆ ನೋಡು. ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ ಶೇಷ ಕೂಡಿಸು. 60 × 29 = 1740, ಅದಕ್ಕೆ 8 ಸೇರಿಸಿದರೆ 1748. ನಿನ್ನ ಹಳೆಯ ಉತ್ತರಕ್ಕೆ ಬರುವುದು 182 ಮಾತ್ರ. ಆದರೆ ತಾಳೆ ನೋಡಿದರೆ ತಪ್ಪಾಗಿದೆ ಎಂದಷ್ಟೇ ಗೊತ್ತಾಗುತ್ತದೆ, ಎಲ್ಲಿ ತಪ್ಪಾಯಿತು ಎಂದು ಗೊತ್ತಾಗುವುದಿಲ್ಲ. ಅದನ್ನು ನೀನೇ ಹುಡುಕಿ ಅಂಚಿನಲ್ಲಿ ಒಂದಕ್ಷರ ಬರೆ: ಸೊನ್ನೆ ಬಿಟ್ಟಿದ್ದರೆ ‘ಸೊ’, ಮಗ್ಗಿ ತಪ್ಪಿದ್ದರೆ ‘ಮ’, ಕಳೆಯುವುದು ತಪ್ಪಿದ್ದರೆ ‘ಕ’. ರಬ್ಬರ್ ಮುಟ್ಟಬೇಡ.

ನಾಳೆಯ ಲೆಕ್ಕಗಳನ್ನು ಇವತ್ತೇ ನೀನೇ ತಯಾರಿಸಿಕೋ. ಸೊನ್ನೆ ಇರುವ ಒಂದು ಸಂಖ್ಯೆ ತಗೋ, 305 ಅನ್ನು. 23ರಿಂದ ಗುಣಿಸು, 7015. 23ಕ್ಕಿಂತ ಚಿಕ್ಕದೊಂದನ್ನು, 9 ಅನ್ನು, ಕೂಡಿಸು. 7024 ÷ 23 ನಾಳೆಯ ಲೆಕ್ಕ. ಹೀಗೆ ಮಾಡಿದ ಲೆಕ್ಕದಲ್ಲಿ ಸೊನ್ನೆ ಇದ್ದೇ ಇರುತ್ತದೆ, ಉತ್ತರವೂ ನಿನಗೆ ಮೊದಲೇ ಗೊತ್ತಿರುತ್ತದೆ.

ಒಂದು ಗುಟ್ಟು ಹೇಳಲಾ? ಹತ್ತನೇ ತರಗತಿಯಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. x³ − 1 ಅನ್ನು x − 1ರಿಂದ ಭಾಗಿಸಬೇಕಿತ್ತು. x³ + 0x² + 0x − 1 ಎಂದು ಸೊನ್ನೆಗಳಿಗೂ ಜಾಗ ಕೊಟ್ಟು ಬರೆಯಬೇಕಿತ್ತು. ನಾನು ಕೊಡಲಿಲ್ಲ. ಸಾಲುಗಳೆಲ್ಲ ಅಡ್ಡಾದಿಡ್ಡಿಯಾಗಿ ಮೂರು ಅಂಕ ಹೋಯಿತು. ಆಗ ಚುಕ್ಕೆ ಇಡು ಎಂದು ನನಗೆ ಯಾರೂ ಹೇಳಿರಲಿಲ್ಲ.

ಟ್ಯೂಷನ್ ಬಿಡುವ ಮಾತು ಎರಡು ವಾರ ಆದ ಮೇಲೆ. ನಾನು ಬಂದಾಗ ಎಷ್ಟು ಸರಿಯಾಯಿತು ಎಂದು ಕೇಳುವುದಿಲ್ಲ. ಅಂಚಿನಲ್ಲಿ ‘ಸೊ’ ಎಷ್ಟಿದೆ ಎಂದು ಎಣಿಸುತ್ತೇನೆ, ಅಷ್ಟೇ.

ನಿನ್ನ ಟ್ಯೂಷನ್ ಅಕ್ಕ